‘ವಿತೌಟ್ ಪ್ರಿಜುಡೀಸ್’ ಎಂದು ಬರೆದರೆ ಬಾಕಿ ಹಣದ ಹಕ್ಕು ಉಳಿಯುತ್ತದೆಯೇ?

ಕಾಫಿ ಮಾರಾಟದ ಕಾಲ ಬಂತೆಂದರೆ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಲಹೆ ಓಡಾಡಲು ಶುರುವಾಗುತ್ತದೆ. “ವ್ಯಾಪಾರಿ ಕಡಿಮೆ ದುಡ್ಡು ಹಾಕಿದರೆ ಹೆದರಬೇಡಿ. ಉತ್ತರದ ಮೇಲ್ಗಡೆ ‘ವಿತೌಟ್ ಪ್ರಿಜುಡೀಸ್’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಕಾನೂನು ಪ್ರಕಾರ ನಿಮ್ಮ ಹಕ್ಕು ಸೇಫ್.” ಇದರ ಹಿಂದೆಯೇ ಇನ್ನೊಬ್ಬರ ಉತ್ತರ ಬರುತ್ತದೆ: “ಹಂಗೆಲ್ಲ ಬರೆದ್ರೆ ಮುಂದಿನ ವರ್ಷ ಅವರು ನಮ್ಮ ಚೀಲ ಮುಟ್ಟಲ್ಲ. ಸುಮ್ನೆ ಓಕೆ ಅಂದ್ಬಿಡಿ, ಆಮೇಲೆ ಕೇಳಿದ್ರಾಯ್ತು.”

ಈ ಎರಡು ಸಲಹೆಗಳಲ್ಲಿ ಯಾವುದು ಸರಿ? ನಾವು ನೋಡಿದಂತೆ ಎರಡೂ ಸರಿಯಲ್ಲ. ಮೊದಲನೆಯದು ನಿಮ್ಮ ಪತ್ರವನ್ನೇ ಸಾಕ್ಷಿಯಾಗಿ ಬಳಸಲು ತೊಡಕು ಮಾಡಬಹುದು. ಎರಡನೆಯದು ನಿಮ್ಮ ಬಾಕಿಯನ್ನೇ ಅಳಿಸಿಹಾಕಬಹುದು. ಇವೆರಡರ ನಡುವೆ ಒಂದು ದಾರಿ ಇದೆ. ಅದಕ್ಕೆ ಬೇಕಾಗಿರುವುದು ಮೂರು ನಾಲ್ಕು ಸಾದಾ ವಾಕ್ಯ.

ಒಂದು ಲೆಕ್ಕ ಇಟ್ಟುಕೊಂಡು ನೋಡೋಣ

ವಿಷಯ ಸ್ಪಷ್ಟವಾಗಲಿ ಎಂದು ನಾವೇ ಒಂದು ಉದಾಹರಣೆ ಕಟ್ಟಿದ್ದೇವೆ. ಇದರಲ್ಲಿರುವ ಬೆಲೆ ಇಂದಿನ ಮಾರುಕಟ್ಟೆ ಬೆಲೆಯಲ್ಲ, ಲೆಕ್ಕ ಸುಲಭವಾಗಲಿ ಎಂದು ಇಟ್ಟದ್ದು.

ಆಲೂರು ಕಡೆಯ ಒಬ್ಬ ಬೆಳೆಗಾರರು ಸಕಲೇಶಪುರದ ವ್ಯಾಪಾರಿಗೆ 60 ಚೀಲ ರೊಬಸ್ಟಾ ಚೆರ್ರಿ ಕೊಟ್ಟಿದ್ದಾರೆ. ಚೀಲಕ್ಕೆ 50 ಕಿಲೋ. ಮಾತಾದದ್ದು ಒಂದು ಓಟಿಗೆ ₹400. ಓಟಿ ಎಂದರೆ 50 ಕಿಲೋ ಒಣ ಚೆರ್ರಿಯ ಸಿಪ್ಪೆ ತೆಗೆದಾಗ ಎಷ್ಟು ಕಿಲೋ ಬೇಳೆ ಸಿಗುತ್ತದೆ ಎಂಬ ಲೆಕ್ಕ. ಕೊಟ್ಟ ದಿನ ಸ್ಯಾಂಪಲ್ ಹಾಕಿಸಿದಾಗ ಓಟಿ 27 ಬಂದಿತ್ತು. ಅಂದರೆ ಚೀಲಕ್ಕೆ ₹10,800, ಒಟ್ಟು ₹6,48,000. ಅದರಲ್ಲಿ ₹3,00,000 ಮುಂಗಡವಾಗಿ ಬಂದಿತ್ತು. ಉಳಿದದ್ದು ₹3,48,000.

ಹದಿನೈದು ದಿನ ಕಳೆದ ಮೇಲೆ ಖಾತೆಗೆ ಬಂದದ್ದು ₹3,12,000. ಜೊತೆಗೆ ವ್ಯಾಪಾರಿಯ ಕಚೇರಿಯಿಂದ ಒಂದು ಇಮೇಲ್:

> ನಿಮ್ಮ 60 ಚೀಲಕ್ಕೆ ಓಟಿ 25.5ರಂತೆ ಲೆಕ್ಕ ಮಾಡಿ ಉಳಿದ ₹3,12,000 ಇಂದು ಹಾಕಿದ್ದೇವೆ. ಇಲ್ಲಿಗೆ ಲೆಕ್ಕ ಪೂರ್ತಿ ಚುಕ್ತಾ. ದಯವಿಟ್ಟು ಖಚಿತಪಡಿಸಿ.

ಒಂದೂವರೆ ಓಟಿಯ ವ್ಯತ್ಯಾಸ. ಚೀಲಕ್ಕೆ ₹600, 60 ಚೀಲಕ್ಕೆ ₹36,000. ವ್ಯಾಪಾರಿ ಮೋಸವನ್ನೇ ಮಾಡಿದ್ದಾರೆ ಎನ್ನುವಂತಿಲ್ಲ. ಸ್ಯಾಂಪಲ್ಲನ್ನು ಯಾವ ಚೀಲದಿಂದ, ಚೀಲದ ಯಾವ ಭಾಗದಿಂದ ತೆಗೆದರು, ಕಾಯಿ ಎಷ್ಟು ಒಣಗಿತ್ತು ಎನ್ನುವುದರ ಮೇಲೆ ಓಟಿ ಹೆಚ್ಚು ಕಡಿಮೆಯಾಗುತ್ತದೆ. ಕಾಫಿ ಬೋರ್ಡಿನ ಪೂಲ್‌ಗೇ ಕಾಫಿ ಕೊಡಬೇಕಿದ್ದ ವ್ಯವಸ್ಥೆ 1996ರಲ್ಲಿ ಪೂರ್ತಿಯಾಗಿ ಮುಗಿಯಿತು. ಅಲ್ಲಿಂದ ಈಚೆಗೆ ಇಂಥ ವ್ಯತ್ಯಾಸಗಳನ್ನು ಬೆಳೆಗಾರ ಮತ್ತು ವ್ಯಾಪಾರಿ ತಾವೇ ಬಗೆಹರಿಸಿಕೊಳ್ಳಬೇಕು.

ಈಗ ಬೆಳೆಗಾರರ ಮುಂದಿರುವ ಕಷ್ಟ ಇದು. ₹36,000 ಬಿಡಲು ಮನಸ್ಸಿಲ್ಲ. ಹಾಗೆಂದು ಅದೇ ವ್ಯಾಪಾರಿ ಮಳೆಗಾಲದಲ್ಲಿ ಗೊಬ್ಬರಕ್ಕೆ, ಆಳುಗಳ ಬಟವಾಡೆಗೆ ಮುಂಗಡ ಕೊಡುವವರು. ಅವರಿಗೆ ವಕೀಲರ ಭಾಷೆಯಲ್ಲಿ ಬರೆಯಲು ಕೈ ಬರುವುದಿಲ್ಲ.

“ಓಕೆ ಸಾರ್, ಥ್ಯಾಂಕ್ಸ್” ಎಂದರೆ ಏನಾಗುತ್ತದೆ?

ನಮ್ಮಲ್ಲಿ ಬಹಳ ಜನರ ನಂಬಿಕೆ ಏನೆಂದರೆ, ಪೂರ್ತಿ ಹಣ ಬಾರದೆ ಸಾಲ ತೀರುವುದಿಲ್ಲ, ಬಾಯಿಮಾತಿಗೆ ಓಕೆ ಅಂದರೇನಂತೆ? ಇಂಗ್ಲೆಂಡಿನ ಹಳೆಯ ಕಾನೂನು ಹೆಚ್ಚುಕಡಿಮೆ ಹಾಗೇ ಇದೆ. ಅಲ್ಲಿ ಒಪ್ಪಿದ ಸಾಲಕ್ಕೆ ಬರೀ ಕಡಿಮೆ ಹಣ ತೆಗೆದುಕೊಂಡ ಮಾತ್ರಕ್ಕೆ ಉಳಿದದ್ದು ಮನ್ನಾ ಆಗುವುದಿಲ್ಲ. ಭಾರತದಲ್ಲಿ ಹಾಗಿಲ್ಲ.

1872ರ ಭಾರತೀಯ ಕರಾರು ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ, ಹಣ ಬರಬೇಕಾದವರು ಕಡಿಮೆ ಮೊತ್ತವನ್ನೇ ಪೂರ್ತಿ ಲೆಕ್ಕಕ್ಕೆ ಒಪ್ಪಿ ತೆಗೆದುಕೊಂಡರೆ ಇಡೀ ಸಾಲ ತೀರಿದಂತೆ. ಕಾಯ್ದೆಯ ಒಳಗೇ ಇದಕ್ಕೊಂದು ಉದಾಹರಣೆ ಇದೆ. ₹5,000 ಬರಬೇಕಾದವನು ₹2,000ವನ್ನು ಪೂರ್ತಿ ಸಾಲದ ಲೆಕ್ಕಕ್ಕೆ ಒಪ್ಪಿಕೊಂಡರೆ, ಉಳಿದ ₹3,000ವನ್ನು ಕೇಳುವ ಹಕ್ಕು ಹೋಯಿತು.

ಇಲ್ಲಿ ಗಮನಿಸಬೇಕಾದ ಮಾತು ‘ಒಪ್ಪಿ’ ಎನ್ನುವುದು. ಹಣ ಖಾತೆಗೆ ಬಂದು ಬಿದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ನೀವು ಅದನ್ನು ಏನೆಂದು ಒಪ್ಪಿಕೊಂಡಿರಿ ಎನ್ನುವುದು ಮುಖ್ಯ. “ಪೂರ್ತಿ ಚುಕ್ತಾ, ಖಚಿತಪಡಿಸಿ” ಎಂದು ಕೇಳಿದವರಿಗೆ ನೀವು “ಓಕೆ ಸಾರ್” ಎಂದರೆ, ಆ ಪ್ರಶ್ನೆಗೆ ನೀವೇ ಉತ್ತರ ಕೊಟ್ಟಂತೆ.

ಬರೀ ಹೆಬ್ಬೆರಳಿನ ಚಿತ್ರ ಕಳುಹಿಸಿದರೆ? ಕೆನಡಾದ ಸಸ್ಕಾಚುವಾನ್ ಪ್ರಾಂತ್ಯದಲ್ಲಿ ಒಬ್ಬ ರೈತರಿಗೆ ಧಾನ್ಯ ಕೊಳ್ಳುವ ಕಂಪನಿಯೊಂದು ಅಗಸೆ ಖರೀದಿಯ ಕರಾರಿನ ಫೋಟೋ ಕಳುಹಿಸಿ ಖಚಿತಪಡಿಸಲು ಹೇಳಿತ್ತು. ಅವರು 👍 ಕಳುಹಿಸಿದರು. ಕರಾರಿನ ಪ್ರತಿ ತಲುಪಿತು ಎನ್ನುವುದಷ್ಟೇ ತಮ್ಮ ಅರ್ಥ ಎಂದು ಆಮೇಲೆ ವಾದಿಸಿದರು. 2023ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ಒಪ್ಪಿಗೆ ಎಂದೇ ಪರಿಗಣಿಸಿತು. 82,000 ಕೆನಡಾ ಡಾಲರಿಗೂ ಹೆಚ್ಚು ನಷ್ಟ ಕಟ್ಟಿಕೊಡಬೇಕಾಯಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ‘ಖಚಿತಪಡಿಸಿ’ ಎಂದು ಕೇಳಿದಾಗ ಹೆಬ್ಬೆರಳು ಒತ್ತುವ ಮೊದಲು ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಆಮೇಲೆ ಕೇಳಿದರಾಗದೇ?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2006ರಲ್ಲಿ ಉತ್ತರ ಕೊಟ್ಟಿದೆ. ಪ್ರಕರಣದ ಹೆಸರು ಭಗವತಿ ಪ್ರಸಾದ್ ಪವನ್ ಕುಮಾರ್ ವಿರುದ್ಧ ಭಾರತ ಒಕ್ಕೂಟ. ಸರಕು ಸಾಗಣೆಯ ನಷ್ಟಕ್ಕೆ ವ್ಯಾಪಾರಿಗಳು ರೈಲ್ವೆಯಿಂದ ಪರಿಹಾರ ಕೇಳಿದ್ದರು. ರೈಲ್ವೆ ಕೇಳಿದ್ದಕ್ಕಿಂತ ಕಡಿಮೆ ಮೊತ್ತದ ಚೆಕ್ ಕಳುಹಿಸಿತು. ಇದು ಪೂರ್ತಿ ಲೆಕ್ಕಕ್ಕೆ, ಒಪ್ಪಿಗೆ ಇಲ್ಲದಿದ್ದರೆ ಚೆಕ್ ವಾಪಸ್ ಕಳುಹಿಸಿ, ಇಟ್ಟುಕೊಂಡರೆ ಒಪ್ಪಿದಂತೆ ಎಂದು ಜೊತೆಗಿದ್ದ ಪತ್ರದಲ್ಲಿ ತಿಳಿಸಿತ್ತು. ವ್ಯಾಪಾರಿಗಳು ಚೆಕ್ ನಗದು ಮಾಡಿಕೊಂಡರು, ಉಳಿದ ಹಣವನ್ನೂ ಕೇಳಿದರು.

ನ್ಯಾಯಾಲಯ ನೋಡಿದ್ದು ಆಕ್ಷೇಪಣೆಯ ಸಮಯವನ್ನು. ಚೆಕ್ ನಗದು ಮಾಡುವುದಕ್ಕೆ ಮೊದಲೇ ಆಕ್ಷೇಪಣೆ ತಿಳಿಸಿದ್ದರೆ ನಗದು ಮಾಡಿದ್ದನ್ನು ಒಪ್ಪಿಗೆ ಎನ್ನಲಾಗದು. ಸದ್ದಿಲ್ಲದೆ ನಗದು ಮಾಡಿಕೊಂಡು ಆಮೇಲೆ ತಕರಾರು ತೆಗೆದರೆ, ಒಪ್ಪಿಗೆ ಆಗಲೇ ಆಗಿಹೋಗಿರುತ್ತದೆ. ಒಮ್ಮೆ ಒಪ್ಪಿದವರು ಮನಸ್ಸು ಬದಲಿಸಲು ಬರುವುದಿಲ್ಲ.

ಈಗ ಚೆಕ್ ಕಡಿಮೆ. ಹಣ ನೆಫ್ಟ್‌ನಲ್ಲೋ ಯುಪಿಐನಲ್ಲೋ ನಾವು ಕೇಳದೆಯೇ ಖಾತೆಗೆ ಬಂದುಬಿಡುತ್ತದೆ. ‘ನಗದು ಮಾಡುವುದಕ್ಕೆ ಮೊದಲು’ ಎನ್ನುವ ಬಿಡುವೇ ಸಿಗುವುದಿಲ್ಲ. ಹಾಗಾಗಿ ತೀರ್ಪಿನಿಂದ ನಾವು ತೆಗೆದುಕೊಳ್ಳುವ ಪಾಠ ಒಂದೇ: ಹಣ ಬಂದದ್ದು, ‘ಚುಕ್ತಾ’ ಎಂದದ್ದು ಗೊತ್ತಾದ ದಿನವೇ, ತಪ್ಪಿದರೆ ಮರುದಿನ, ಬರೆದುಬಿಡಿ. ಆ ಹಣ ಖರ್ಚಾಗಿ, ಮುಂದಿನ ಲೋಡ್ ಹೋಗಿ, ತಿಂಗಳಾದ ಮೇಲೆ ಬರೆದ ಪತ್ರಕ್ಕೆ ಅಷ್ಟು ತೂಕ ಇರುವುದಿಲ್ಲ.

ಹಾಗಾದರೆ ‘ವಿತೌಟ್ ಪ್ರಿಜುಡೀಸ್’ ಬರೆದರೆ ಆಯಿತಲ್ಲ?

ಇಲ್ಲೇ ಆ ಸಲಹೆ ಎಡವುವುದು. ಈ ಪದ ಹುಟ್ಟಿದ್ದು ರಾಜಿ ಮಾತುಕತೆಗೆ. “₹36,000 ಬೇಡ, ₹20,000 ಕೊಡಿ, ಮುಗಿಸೋಣ” ಎಂದು ನೀವು ಬರೆದಿರಿ ಎನ್ನಿ. ರಾಜಿ ಮುರಿದುಬಿದ್ದರೆ ಎದುರಿನವರು ಆ ಪತ್ರ ತೋರಿಸಿ “ಇವರೇ ₹20,000 ಸಾಕು ಎಂದಿದ್ದರು” ಎನ್ನಬಾರದು. ಅದಕ್ಕಾಗಿ, ಸಾಕ್ಷಿಯಾಗಿ ಬಳಸುವುದಿಲ್ಲ ಎಂಬ ಷರತ್ತಿನ ಮೇಲೆ ಸಿವಿಲ್ ವ್ಯಾಜ್ಯದಲ್ಲಿ ಒಪ್ಪಿಕೊಂಡ ಮಾತನ್ನು ಕೋರ್ಟಿನಲ್ಲಿ ಬಳಸುವಂತಿಲ್ಲ ಎಂಬ ನಿಯಮವಿದೆ. ಹಿಂದೆ ಅದು 1872ರ ಸಾಕ್ಷ್ಯ ಕಾಯ್ದೆಯ 23ನೇ ಸೆಕ್ಷನ್. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 21ನೇ ಸೆಕ್ಷನ್.

ಈಗ ನಮ್ಮ ಬೆಳೆಗಾರರ ವಿಚಾರಕ್ಕೆ ಬನ್ನಿ. “ನಾನು ಇದನ್ನು ಪೂರ್ತಿ ಚುಕ್ತಾ ಎಂದು ಒಪ್ಪಿಲ್ಲ” ಎಂಬ ಅವರ ಪತ್ರ ನಾಳೆ ಎಲ್ಲರಿಗೂ ತೋರಿಸುವಂತಿರಬೇಕು. ಅದೇ ಅವರ ಸಾಕ್ಷಿ. ಅದರ ನೆತ್ತಿಯ ಮೇಲೆ ‘ಇದನ್ನು ಸಾಕ್ಷಿಯಾಗಿ ತೋರಿಸಬೇಡಿ’ ಎಂಬ ಅರ್ಥ ಬರಬಹುದಾದ ಪದ ಅಂಟಿಸುವುದೇಕೆ? ನಮ್ಮ ಕಚೇರಿಗಳಲ್ಲಿ ಇದೇ ಪದವನ್ನು ‘ನನ್ನ ಹಕ್ಕಿಗೆ ಬಾಧಕವಾಗದಂತೆ’ ಎಂಬ ಅರ್ಥದಲ್ಲೂ ಬಳಸುತ್ತಾರೆ, ನಿಜ. ಆದರೆ ಎರಡು ಅರ್ಥದ ಪದ ಬಳಸಿ, ಯಾವುದು ನನ್ನ ಅರ್ಥ ಎಂದು ಆಮೇಲೆ ವಾದ ಮಾಡುವ ಬದಲು ಅರ್ಥವನ್ನೇ ಕನ್ನಡದಲ್ಲಿ ಬರೆದರೆ ಮುಗಿಯಿತು. ಫೋನಿನಲ್ಲಿ ಅನುವಾದ ಮಾಡಿಸಿ ‘ಪೂರ್ವಾಗ್ರಹವಿಲ್ಲದೆ’ ಎಂದು ಬರೆದರಂತೂ ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ.

ರಾಜಿ ಮೊತ್ತ ಹೇಳಬೇಕೆಂದಿದ್ದರೆ ಅದನ್ನು ಬೇರೆಯೇ ಇಮೇಲ್‌ನಲ್ಲಿ ಬರೆಯಿರಿ, ‘ರಾಜಿ ಮಾತುಕತೆಗೆ ಮಾತ್ರ, ಸಾಕ್ಷಿಯಾಗಿ ಬಳಸುವಂತಿಲ್ಲ’ ಎಂಬ ಸಾಲನ್ನು ಅಲ್ಲಿ ಹಾಕಿ. ಬಾಕಿ ಉಳಿಸಿಕೊಳ್ಳುವ ಪತ್ರದಲ್ಲಿ ರಾಜಿಯ ಅಂಕಿ ಬರಲೇಬಾರದು. ಅದು ಬಂದರೆ ಎದುರಿನವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಬೆದರಿಕೆ ಎನಿಸುವುದು ಯಾವ ಮಾತು?

“ನಮ್ಮ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ”, “ಏಳು ದಿನದಲ್ಲಿ ಕೊಡದಿದ್ದರೆ ಮುಂದಿನ ಕ್ರಮ ಜರುಗಿಸಲಾಗುವುದು” ಎಂಬ ಸಾಲು ಓದಿದ ವ್ಯಾಪಾರಿ ಉತ್ತರ ಬರೆಯುವುದನ್ನು ನಿಲ್ಲಿಸಿ ಪತ್ರವನ್ನು ತಮ್ಮ ಆಡಿಟರಿಗೋ ವಕೀಲರಿಗೋ ಕಳುಹಿಸುತ್ತಾರೆ. ಓಟಿ ಚೀಟಿ ಹುಡುಕುವ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಇಂಥ ವಾಕ್ಯಗಳನ್ನು ಬಿಡಿಸಿ ನೋಡಿದರೆ ಬೆದರಿಕೆ ಎಲ್ಲಿದೆ ಎಂದು ಕಾಣುತ್ತದೆ. ‘ನೀವು ಹೀಗೆ ಮಾಡದಿದ್ದರೆ ನಾನು ಹೀಗೆ ಮಾಡುತ್ತೇನೆ’ ಎಂಬ ಜೋಡಣೆಯಲ್ಲಿ ಅದು ಇರುತ್ತದೆ. ಹಕ್ಕು ಉಳಿಸಿಕೊಳ್ಳಲು ಈ ಜೋಡಣೆಯ ಅಗತ್ಯವೇ ಇಲ್ಲ. ಬೇಕಾದದ್ದು ‘ನಾನು ಈ ಹಣವನ್ನು ಏನೆಂದು ಬರೆದುಕೊಂಡಿದ್ದೇನೆ’ ಎಂಬ ಮಾತು ಮಾತ್ರ. ಅದು ನನ್ನ ಪುಸ್ತಕದ ಮಾತು. ನನ್ನ ಪುಸ್ತಕದಲ್ಲಿ ನಾನು ಬಾಕಿ ಎಂದು ಬರೆದುಕೊಂಡರೆ ಯಾರಿಗೂ ಅವಮಾನವಾಗುವುದಿಲ್ಲ. ಅಂಗಡಿಯವರು ದಿನವೂ ಅದನ್ನೇ ಮಾಡುತ್ತಾರೆ.

ಅದೇ ರೀತಿ “ನೀವು ಓಟಿ ಕಡಿಮೆ ಹಾಕಿದ್ದೀರಿ” ಎಂದರೆ ಬೆರಳು ತೋರಿಸಿದಂತೆ. “ಓಟಿ ವಿಚಾರದಲ್ಲಿ ನಮ್ಮಿಬ್ಬರ ಲೆಕ್ಕ ಹೊಂದುತ್ತಿಲ್ಲ” ಎಂದರೆ ಅಂಕಿ ಎರಡೂ ಮೇಜಿನ ಮೇಲೆ ಬರುತ್ತವೆ, ಯಾರ ಮೇಲೂ ಆರೋಪ ಬರುವುದಿಲ್ಲ.

ಉತ್ತರ ಹೀಗಿರಬಹುದು

> ವಿಷಯ: 60 ಚೀಲ ರೊಬಸ್ಟಾ ಚೆರ್ರಿ – ಲೆಕ್ಕದ ಬಗ್ಗೆ
>
> ನಮಸ್ಕಾರ ಸಾರ್,
>
> ಇಂದು ₹3,12,000 ಖಾತೆಗೆ ಬಂದಿದೆ, ಧನ್ಯವಾದ. ಮುಂಗಡ ₹3,00,000 ಸೇರಿ ಈವರೆಗೆ ₹6,12,000 ಬಂದಂತಾಯಿತು. ಇದನ್ನು 60 ಚೀಲದ ಬಾಬ್ತು ಭಾಗಶಃ ಪಾವತಿ ಎಂದು ಜಮೆ ಮಾಡಿಕೊಂಡಿದ್ದೇನೆ, ಪೂರ್ತಿ ಚುಕ್ತಾ ಎಂದು ಅಲ್ಲ.
>
> ಓಟಿ ವಿಚಾರದಲ್ಲಿ ನಮ್ಮಿಬ್ಬರ ಲೆಕ್ಕ ಹೊಂದುತ್ತಿಲ್ಲ. ಫೆಬ್ರವರಿ 10ರಂದು ನಿಮ್ಮ ಗೋದಾಮಿನಲ್ಲಿ ಸ್ಯಾಂಪಲ್ ಹಾಕಿದಾಗ 27 ಬಂದಿತ್ತು. ಚೀಟಿಯ ಫೋಟೋ ಇದರ ಜೊತೆ ಇದೆ. ಈಗಿನ ಲೆಕ್ಕದಲ್ಲಿ 25.5 ಹಿಡಿದಿದ್ದೀರಿ. ವ್ಯತ್ಯಾಸ ₹36,000.
>
> 25.5 ಬಂದ ಪರೀಕ್ಷೆಯ ಚೀಟಿ ಕಳುಹಿಸಿದರೆ ನಾನೂ ನೋಡುತ್ತೇನೆ. ಸ್ಯಾಂಪಲ್ ಉಳಿದಿದ್ದರೆ ಇಬ್ಬರ ಎದುರಿಗೂ ಮತ್ತೊಮ್ಮೆ ಹಾಕಿಸೋಣ. ಬರುವ ಶುಕ್ರವಾರದೊಳಗೆ ತಿಳಿಸಿದರೆ ಅನುಕೂಲ. ಇದು ಇತ್ಯರ್ಥವಾಗುವವರೆಗೆ ₹36,000 ನನ್ನ ಲೆಕ್ಕದಲ್ಲಿ ಬಾಕಿ ಎಂದೇ ಇರುತ್ತದೆ.

ಕಾನೂನಿನ ಕೆಲಸ ಮಾಡುವುದು ಇದರಲ್ಲಿ ಎರಡೇ ಸಾಲು. ‘ಭಾಗಶಃ ಪಾವತಿ ಎಂದು ಜಮೆ ಮಾಡಿಕೊಂಡಿದ್ದೇನೆ, ಪೂರ್ತಿ ಚುಕ್ತಾ ಎಂದು ಅಲ್ಲ’ ಎಂಬ ಸಾಲು 63ನೇ ಸೆಕ್ಷನ್ ಕೇಳುವ ‘ಒಪ್ಪಿಗೆ’ ಇಲ್ಲ ಎಂದು ಹೇಳುತ್ತದೆ. ಕೊನೆಯ ಸಾಲು ಎಷ್ಟು ಬಾಕಿ ಎಂದು ಗುರುತಿಸಿಡುತ್ತದೆ. ‘ಇನ್ನೂ ಸ್ವಲ್ಪ ಬರಬೇಕು’ ಎಂದು ಬರೆದರೆ ಆ ಸ್ವಲ್ಪ ಎಷ್ಟು ಎಂಬುದೇ ಮುಂದೆ ಹೊಸ ಜಗಳವಾಗುತ್ತದೆ.

ಉಳಿದ ಸಾಲುಗಳು ಸಂಬಂಧದ ಕೆಲಸ ಮಾಡುತ್ತವೆ. ಬಂದ ಹಣಕ್ಕೆ ಧನ್ಯವಾದ ಹೇಳಿದ್ದರಿಂದ ಹಕ್ಕು ಹೋಗುವುದಿಲ್ಲ, ಏಕೆಂದರೆ ಅದೇ ಉಸಿರಿನಲ್ಲಿ ಆ ಹಣ ಏನೆಂದು ಹೇಳಿಯಾಗಿದೆ. ‘ನಾನೂ ನೋಡುತ್ತೇನೆ’ ಎಂಬ ಮಾತು ಇಬ್ಬರಿಗೂ ಇಳಿಯಲು ಮೆಟ್ಟಿಲು ಇಡುತ್ತದೆ. ಮರುಪರೀಕ್ಷೆಯಲ್ಲಿ 25.5 ಸರಿ ಎಂದು ಕಂಡರೆ ಬೆಳೆಗಾರರು ಮುಖ ಕೆಡಿಸಿಕೊಳ್ಳದೆ ಒಪ್ಪಬಹುದು. 26.5 ಬಂದರೆ ವ್ಯಾಪಾರಿ ₹24,000 ಹಾಕಿ ಮುಗಿಸಬಹುದು.

ವಾಟ್ಸಾಪ್‌ನಲ್ಲೇ ವ್ಯವಹಾರ ನಡೆದಿದ್ದರೆ ಇದನ್ನೇ ಅಲ್ಲಿ ಬರೆಯಬಹುದು. ಫೋನಿನಲ್ಲಿ ಮಾತಾಡಿದ್ದರೂ ಮಾತು ಮುಗಿದ ಮೇಲೆ ಈ ಸಾರಾಂಶ ಕಳುಹಿಸಿಡಿ. ಸ್ಕ್ರೀನ್‌ಶಾಟ್ ಇದೆಯಲ್ಲ ಎಂದು ಮೂಲ ಸಂದೇಶ ಅಳಿಸಬೇಡಿ. ಮುಂದೆ ಎಲ್ಲಾದರೂ ತೋರಿಸಬೇಕಾಗಿ ಬಂದರೆ ಮೂಲ ಇರುವ ಫೋನ್ ಅಥವಾ ಇಮೇಲ್ ಖಾತೆಯೇ ಆಧಾರ.

ಈ ಪತ್ರದಿಂದ ಆಗದ ಕೆಲಸ

ಬಾಕಿ ಉಳಿಸಿಕೊಂಡ ಮಾತ್ರಕ್ಕೆ ಬಾಕಿ ಸಾಬೀತಾಗುವುದಿಲ್ಲ. ಓಟಿ 27 ಎಂದು ತೋರಿಸಲು ಚೀಟಿ, ಫೋಟೋ ಅಥವಾ ಅಲ್ಲಿದ್ದವರ ಮಾತು ಬೇಕೇ ಬೇಕು. ಪತ್ರ ಬಾಗಿಲು ತೆರೆದಿಡುತ್ತದೆ, ಅಷ್ಟೇ.

ಕಾಲವೂ ನಿಲ್ಲುವುದಿಲ್ಲ. ಮಾರಿದ ಸರಕಿನ ಬೆಲೆ ಕೇಳಿ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷ ಇದೆ. ಸಾಲದ ಗಡುವು ಮಾತಾಡದಿದ್ದರೆ ಸರಕು ಕೊಟ್ಟ ದಿನದಿಂದ, ಮಾತಾಡಿದ್ದರೆ ಆ ಗಡುವು ಮುಗಿದ ದಿನದಿಂದ ಎಣಿಕೆ. ನೀವು ವರ್ಷಕ್ಕೆ ಹತ್ತು ಇಮೇಲ್ ಬರೆದರೂ ಆ ಮೂರು ವರ್ಷ ಉದ್ದವಾಗುವುದಿಲ್ಲ. ಅವಧಿಯೊಳಗೆ ಎದುರಿನವರು ‘ಇಷ್ಟು ಬಾಕಿ ಇದೆ’ ಎಂದು ಸಹಿ ಮಾಡಿದ ಬರಹ ಕೊಟ್ಟರೆ ಅಲ್ಲಿಂದ ಹೊಸ ಎಣಿಕೆ ಶುರುವಾಗುತ್ತದೆ.

ಇನ್ನೊಂದು, ಹಣ ಕೈಗೆ ಕೊಡುವ ಮೊದಲೇ ‘ಪೂರ್ತಿ ಚುಕ್ತಾ’ ರಸೀದಿಗೆ ಸಹಿ ಕೇಳಿದರೆ? ಆ ಸಹಿಯ ಪಕ್ಕದಲ್ಲೇ ‘₹36,000ಕ್ಕೆ ಆಕ್ಷೇಪಣೆ ಇದೆ’ ಎಂದು ಕೈಯಲ್ಲಿ ಬರೆದು ಫೋಟೋ ತೆಗೆದುಕೊಳ್ಳಿ. ಬಲವಂತದಿಂದ ಅಥವಾ ಮೋಸದಿಂದ ಮಾಡಿಸಿಕೊಂಡ ಇಂಥ ಸಹಿ ಕಟ್ಟಿಹಾಕುವುದಿಲ್ಲ ಎಂದು 2008ರಲ್ಲಿ ನ್ಯಾಷನಲ್ ಇನ್ಶೂರೆನ್ಸ್ ವಿರುದ್ಧ ಬೋಘಾರಾ ಪಾಲಿಫ್ಯಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಬಲವಂತ ಇತ್ತು ಎಂದು ತೋರಿಸುವ ಭಾರ ಸಹಿ ಹಾಕಿದವರದ್ದೇ. ಮೊತ್ತ ದೊಡ್ಡದಿದ್ದರೆ, ಅಥವಾ ‘ಒಪ್ಪಿಗೆ ಇಲ್ಲದಿದ್ದರೆ ಹಣ ವಾಪಸ್ ಮಾಡಿ’ ಎಂಬ ಷರತ್ತು ಪತ್ರದಲ್ಲಿದ್ದರೆ, ಉತ್ತರ ಕಳುಹಿಸುವ ಮೊದಲು ವಕೀಲರಿಗೆ ತೋರಿಸಿ.

ಗುಂಪಿನಲ್ಲಿ ಆ ಸಲಹೆ ಮತ್ತೆ ಬಂದರೆ ಅದರ ಕೆಳಗೆ ಹಾಕಲು ಇಷ್ಟು ಸಾಕು:

> ಕಡಿಮೆ ಹಣ ಬಂದು ‘ಚುಕ್ತಾ’ ಎಂದರೆ ‘ಓಕೆ’ ಅನ್ನಬೇಡಿ, 👍 ಒತ್ತಬೇಡಿ. ‘ವಿತೌಟ್ ಪ್ರಿಜುಡೀಸ್’ ಕೂಡ ಬೇಡ. ಅದೇ ದಿನ ಹೀಗೆ ಬರೆಯಿರಿ: “₹___ ಬಂದಿದೆ, ಧನ್ಯವಾದ. ಇದನ್ನು ಭಾಗಶಃ ಪಾವತಿ ಎಂದು ಜಮೆ ಮಾಡಿಕೊಂಡಿದ್ದೇನೆ, ಪೂರ್ತಿ ಚುಕ್ತಾ ಎಂದು ಅಲ್ಲ. ___ ವಿಚಾರ ಇತ್ಯರ್ಥವಾಗುವವರೆಗೆ ₹___ ನನ್ನ ಲೆಕ್ಕದಲ್ಲಿ ಬಾಕಿ ಇರುತ್ತದೆ.”